ಸಂಜೆ ವ್ಯಾನ್ ವಾಪಸ್ ಬಂದಾಗ ಮಾಲು ತಾಳೆ ಹಾಕುವುದು: ನನ್ನ ಅನುಭವ

ಕಲಬುರಗಿಯ ಒಂದು ಬಿಸ್ಕತ್ತು ಏಜೆನ್ಸಿಯಲ್ಲಿ ಗೋದಾಮು, ಲೆಕ್ಕ ಎರಡನ್ನೂ ನಾನೇ ನೋಡಿಕೊಳ್ಳುತ್ತೇನೆ. ನಮ್ಮ ವ್ಯಾನ್ ಬೆಳಿಗ್ಗೆ ಮಾಲು ತುಂಬಿಕೊಂಡು ಶಹಾಬಾದ್, ವಾಡಿ, ಚಿತ್ತಾಪುರ ಕಡೆ ಲೈನ್‌ಗೆ ಹೋಗುತ್ತದೆ. ಮೊದಲೇ ಆರ್ಡರ್ ತೆಗೆದುಕೊಂಡಿರುವುದಿಲ್ಲ. ಅಂಗಡಿಯವರು ಕೇಳಿದಷ್ಟು ಇಳಿಸಿ, ಅಲ್ಲೇ ಮೊಬೈಲ್‌ನಲ್ಲಿ ಬಿಲ್ ಮಾಡಿ, ಉಳಿದದ್ದನ್ನು ಸಂಜೆ ವಾಪಸ್ ತರುವುದು. ಆ ಉಳಿದ ಮಾಲನ್ನು ಬೆಳಿಗ್ಗೆಯ ಲೋಡಿಗೆ ತಾಳೆ ಹಾಕುವ ಕೆಲಸದ ಬಗ್ಗೆ ಬರೆಯುತ್ತಿದ್ದೇನೆ.

ಲೆಕ್ಕ ನೋಡಲು ಸುಲಭ. ಬೆಳಿಗ್ಗೆ ಹೋದ ಮಾಲಿನಿಂದ ಬಿಲ್ ಆದದ್ದು ಕಳೆಯಬೇಕು, ಸ್ಕೀಮಿನಲ್ಲಿ ಫ್ರೀ ಕೊಟ್ಟದ್ದು ಕಳೆಯಬೇಕು, ಹಾಳಾದ ಪ್ಯಾಕೆಟ್‌ಗೆ ಬದಲಿ ಕೊಟ್ಟದ್ದನ್ನೂ ಕಳೆಯಬೇಕು. ಉಳಿದದ್ದು ಸಂಜೆ ಬರಬೇಕಾದ ಒಳ್ಳೆ ಮಾಲು. ಇಷ್ಟೂ ಲೆಕ್ಕ ಪೀಸ್‌ನಲ್ಲೇ ಇರಬೇಕು. ಬಾಕ್ಸ್, ಡಬ್ಬಿ, ಲಡಿ ಅಂತ ಬೇರೆ ಬೇರೆ ಬರೆದುಕೊಂಡರೆ ಒಡೆದ ಬಾಕ್ಸ್ ಬಂದಾಗ ಅಂದಾಜು ಶುರುವಾಗುತ್ತದೆ. ‘ಅರ್ಧ ಬಾಕ್ಸ್ ಅದ’ ಅನ್ನುವುದು ಲೆಕ್ಕ ಅಲ್ಲ. ಹಾಗಾಗಿ ಬೆಳಿಗ್ಗೆ ಬಾಕ್ಸ್ ಲೆಕ್ಕದಲ್ಲಿ ಲೋಡ್ ಮಾಡಿದರೂ ಶೀಟಿನಲ್ಲಿ ಪೀಸ್ ಬರೆದು, ಸೇಲ್ಸ್‌ಮನ್ ಎದುರಿಗೇ ಎಣಿಸಿ, ಇಬ್ಬರೂ ಸಹಿ ಹಾಕುತ್ತೇವೆ. ಬೆಳಿಗ್ಗೆ ಸಹಿ ಇಲ್ಲದಿದ್ದರೆ ಸಂಜೆ ಯಾವ ವಾದಕ್ಕೂ ಕೊನೆಯೇ ಇರುವುದಿಲ್ಲ.

ಸಂಜೆ ನಾನು ಮೊದಲು ಕಾಗದ ನೋಡುವುದಿಲ್ಲ, ಮಾಲು ನೋಡುತ್ತೇನೆ. ಎಷ್ಟು ಬರಬೇಕು ಅಂತ ಗೊತ್ತಿದ್ದರೆ ಕಣ್ಣು ಅಷ್ಟನ್ನೇ ಎಣಿಸುತ್ತದೆ. 130 ಬರಬೇಕು ಅಂತ ತಿಳಿದಿರುವ ಹುಡುಗ 128 ಎಣಿಸಿದರೂ, ನನ್ನದೇ ತಪ್ಪಿರಬೇಕು ಅಂದುಕೊಂಡು 130 ಬರೆದುಬಿಡುತ್ತಾನೆ. ಅದಕ್ಕೆ ಗೋದಾಮಿನ ಹುಡುಗನ ಕೈಗೆ ಬರೀ ಐಟಂ ಹೆಸರಿರುವ ಖಾಲಿ ಶೀಟ್ ಕೊಡುತ್ತೇನೆ. ಅವನು ಎಣಿಸಿ ಬರೆದ ಮೇಲೆಯೇ ಬಿಲ್ ಮೊತ್ತ ತೆಗೆಯುವುದು. ವ್ಯಾನನ್ನು ಪೂರ್ತಿ ಖಾಲಿ ಮಾಡಿಸುತ್ತೇವೆ. ‘ನಾಳೆ ಹೆಂಗೂ ಹೋಗ್ತದಲ್ರಿ, ಒಳಗೇ ಇರ್ಲಿ’ ಅಂತ ಸೇಲ್ಸ್‌ಮನ್ ಹೇಳುವುದು ಸಹಜ. ದಿನವಿಡೀ ಬಿಸಿಲಲ್ಲಿ ತಿರುಗಿ ಬಂದವರಿಗೆ ಮತ್ತೆ ಇಳಿಸುವುದು ಬೇಜಾರೇ. ಆದರೆ ಒಳಗೆ ಉಳಿದ ಮಾಲನ್ನು ಹೊರಗಿನಿಂದ ನೋಡಿ ಎಣಿಸಿದ್ದು ಎಣಿಕೆ ಅಲ್ಲ. ಹಿಂದಿನ ಸಾಲಿನಲ್ಲಿ ಖಾಲಿ ಬಾಕ್ಸ್ ಇದ್ದರೂ ಮುಂದಿನಿಂದ ತುಂಬಿದ ಹಾಗೇ ಕಾಣುತ್ತದೆ. ಟೇಪ್ ಕೀಳದ ಬಾಕ್ಸ್ ಮಾತ್ರ ಹಾಗೇ ಎಣಿಸಬಹುದು. ಟೇಪ್ ಕಿತ್ತಿದ್ದು ಯಾವುದಿದ್ದರೂ ಕೆಳಗೆ ಸುರಿದು ಎಣಿಸಬೇಕು.

ಇಳಿಸುವಾಗಲೇ ಎರಡು ಗುಂಪು ಮಾಡಿಸುತ್ತೇನೆ. ಒಳ್ಳೆಯದು ಒಂದು ಕಡೆ, ಅಂಗಡಿಗಳಿಂದ ವಾಪಸ್ ತಂದ ಹಾಳಾದ ಮಾಲು ಇನ್ನೊಂದು ಕಡೆ. ಪುಡಿಯಾದದ್ದು, ಕವರ್ ಹರಿದದ್ದು, ಡೇಟ್ ಮುಗಿದದ್ದು ಎಲ್ಲಾ ಎರಡನೇ ಗುಂಪಿಗೆ. ಇದನ್ನು ಜಾಸ್ತಿ ಜನ ಸುಮ್ನೆ ಬಿಡುತ್ತಾರೆ, ಆದರೆ ತಾಳೆಯಲ್ಲಿ ಮೋಸ ಹೋಗುವುದು ಇಲ್ಲೇ. ಯಾಕೆ ಅಂದರೆ, ಸೇಲ್ಸ್‌ಮನ್ ಅಂಗಡಿಯಲ್ಲಿ ಒಂದು ಹಾಳಾದ ಪ್ಯಾಕೆಟ್ ತೆಗೆದುಕೊಂಡು ಒಂದು ಒಳ್ಳೆ ಪ್ಯಾಕೆಟ್ ಕೊಡುತ್ತಾನೆ. ಒಂದು ಹೋಯಿತು, ಒಂದು ಬಂತು. ಬದಲಿಯನ್ನು ಕಳೆಯದೇ ಎರಡನ್ನೂ ಕೂಡಿಸಿ ಎಣಿಸಿದರೆ ಸಂಖ್ಯೆ ಸರಿಯಾಗಿಯೇ ಬರುತ್ತದೆ, ಲೆಕ್ಕ ಟ್ಯಾಲಿ ಆಗುತ್ತದೆ. ಮರುದಿನ ಅದೇ ಡೇಟ್ ಮುಗಿದ ಪ್ಯಾಕೆಟ್ ಇನ್ನೊಂದು ಅಂಗಡಿಗೆ ಹೋಗುತ್ತದೆ. ಸಂಖ್ಯೆ ಸರಿ ಇದ್ದು ಮಾಲು ತಪ್ಪಾಗಿರುವ ಈ ಸ್ಥಿತಿ, ಸಂಖ್ಯೆ ತಪ್ಪಿರುವುದಕ್ಕಿಂತ ಕೆಟ್ಟದ್ದು.

ಬದಲಿ ಕೊಟ್ಟದ್ದಕ್ಕೆ ಬಿಲ್ ಇರುವುದಿಲ್ಲ ಅಲ್ವಾ, ಹಾಗಾಗಿ ಒಂದು ಸಣ್ಣ ಪುಸ್ತಕ ವ್ಯಾನ್‌ನಲ್ಲಿರುತ್ತದೆ. ಅಂಗಡಿ ಹೆಸರು, ಐಟಂ, ಎಷ್ಟು, ಯಾವ ಬ್ಯಾಚ್. ಸಂಜೆ ಹಾಳಾದ ಗುಂಪಿನ ಎಣಿಕೆ ಈ ಪುಸ್ತಕಕ್ಕೆ ಹೊಂದಬೇಕು. ಪುಸ್ತಕದಲ್ಲಿ 9 ಇದ್ದು ಗುಂಪಿನಲ್ಲಿ 6 ಇದ್ದರೆ ಆ 3 ಒಳ್ಳೆ ಪ್ಯಾಕೆಟ್ ಎಲ್ಲಿಗೆ ಹೋದವು ಅಂತ ಕೇಳಲೇಬೇಕು.

ಈಗ ಒಂದು ಸಂಜೆಯ ಲೆಕ್ಕ ಹೇಳುತ್ತೇನೆ. ಆ ದಿನ ವ್ಯಾನ್ ವಾಡಿ ಲೈನ್‌ನಿಂದ ಬಂದಿತ್ತು. 5 ರೂಪಾಯಿಯ ಗ್ಲೂಕೋಸ್ ಬಿಸ್ಕತ್ತು ಬೆಳಿಗ್ಗೆ 6 ಬಾಕ್ಸ್ ಹೋಗಿತ್ತು. ಬಾಕ್ಸ್‌ಗೆ 120ರಂತೆ 720 ಪೀಸ್. ಬಿಲ್ ಆದದ್ದು 540. ಅದಕ್ಕೆ ಆಗ 12ಕ್ಕೆ 1 ಫ್ರೀ ಸ್ಕೀಮ್ ಇತ್ತು. ಬಿಲ್‌ಗಳಲ್ಲಿ ಫ್ರೀ 41. ಬದಲಿ ಪುಸ್ತಕದಲ್ಲಿ 9. ಅಂದರೆ ಬರಬೇಕಾದದ್ದು 130. ಹುಡುಗ ಎಣಿಸಿ ಬರೆದದ್ದು 104. ಒಟ್ಟು 26 ಕಮ್ಮಿ. ಹಾಳಾದ ಗುಂಪಿನಲ್ಲಿ 9 ಸರಿಯಾಗಿಯೇ ಇತ್ತು, ಹಾಗಾಗಿ ಬದಲಿಯಲ್ಲಿ ತಪ್ಪಿಲ್ಲ. ಸಂಗ್ರಹವಾದ ರೊಕ್ಕ, ಫೋನ್‌ಪೇ, ಉದ್ರಿ ಮೂರೂ ಸೇರಿ ಬಿಲ್ ಮೊತ್ತಕ್ಕೆ ರೂಪಾಯಿ ರೂಪಾಯಿ ಹೊಂದಿತ್ತು.

ಇಂಥ ಹೊತ್ತಲ್ಲಿ ಒಂದೇ ಐಟಂ ನೋಡಿ ಮಾತಾಡಬಾರದು. ನಾನು ಯಾವಾಗಲೂ ಶೀಟಿನಲ್ಲಿ ಜಾಸ್ತಿ ಬಂದ ಐಟಂ ಯಾವುದಿದೆ ಅಂತ ಹುಡುಕುತ್ತೇನೆ. ಕಮ್ಮಿ ಎಲ್ಲರ ಕಣ್ಣಿಗೂ ಬೀಳುತ್ತದೆ, ಜಾಸ್ತಿಯನ್ನು ಯಾರೂ ಕೇಳುವುದಿಲ್ಲ. ಆದರೆ ಸುಳಿವು ಸಿಗುವುದು ಅದರಲ್ಲೇ. ಅವತ್ತು ಕ್ರೀಮ್ ಬಿಸ್ಕತ್ತು 360 ಹೋಗಿ, 216 ಬಿಲ್ ಆಗಿತ್ತು. ಸ್ಕೀಮ್ ಇಲ್ಲ, ಬದಲಿ ಇಲ್ಲ. ಬರಬೇಕಾದದ್ದು 144, ಬಂದದ್ದು 168. ಇದು 24 ಜಾಸ್ತಿ.

ಗ್ಲೂಕೋಸ್ 26 ಕಮ್ಮಿ, ಕ್ರೀಮ್ 24 ಜಾಸ್ತಿ. ಎರಡೂ ಸಮ ಇದ್ದಿದ್ದರೆ ಮೇಲ್ನೋಟಕ್ಕೇ ಅದಲುಬದಲು ಅಂತ ಹೇಳಬಹುದಿತ್ತು. ಇಲ್ಲಿ 2ರ ವ್ಯತ್ಯಾಸ ಇದೆ. ಆದರೆ ಗ್ಲೂಕೋಸ್‌ಗೆ 12ಕ್ಕೆ 1 ಫ್ರೀ, ಅಂದರೆ 24ಕ್ಕೆ 2 ಫ್ರೀ. ಯಾವುದೋ ಅಂಗಡಿಗೆ 24 ಗ್ಲೂಕೋಸ್, ಮೇಲೆ 2 ಫ್ರೀ ಕೊಟ್ಟು, ಬಿಲ್‌ನಲ್ಲಿ 24 ಕ್ರೀಮ್ ಒತ್ತಲಾಗಿದೆ. ಆ 2 ಪೀಸ್‌ನಿಂದಲೇ ನನಗೆ ಇದು ಕಳವು ಅಲ್ಲ, ಬಿಲ್ ತಪ್ಪು ಅಂತ ಖಾತ್ರಿಯಾಯಿತು. ಕಳವಾದ ಮಾಲು ಸ್ಕೀಮಿನ ಲೆಕ್ಕಕ್ಕೆ ಹೀಗೆ ಹೊಂದಿಕೊಂಡು ಹೋಗುವುದಿಲ್ಲ, ಅದಕ್ಕೆ ಸಮನಾಗಿ ಬೇರೆ ಐಟಂ ಜಾಸ್ತಿಯೂ ಆಗುವುದಿಲ್ಲ.

24 ಕ್ರೀಮ್ ಇರುವ ಬಿಲ್‌ಗಳನ್ನು ಮಾತ್ರ ತೆಗೆದೆ. ಮೂರು ಸಿಕ್ಕವು. ಎರಡರಲ್ಲಿ ಗ್ಲೂಕೋಸೂ ಇತ್ತು. ವಾಡಿ ಸ್ಟೇಷನ್ ಹತ್ತಿರದ ಒಂದು ಕಿರಾಣಿ ಅಂಗಡಿಯ ಬಿಲ್‌ನಲ್ಲಿ ಗ್ಲೂಕೋಸ್ ಒಂದೂ ಇಲ್ಲ. ಅವರು ಪ್ರತಿ ಸಲ ಅದನ್ನು ತಪ್ಪದೇ ತೆಗೆದುಕೊಳ್ಳುವವರು.

‘ಕಾಕಾ, ಸ್ಟೇಷನ್ ಅಂಗಡಿಗಿ ಇವತ್ತ ಗ್ಲೂಕೋಸ್ ಕೊಟ್ಟೀರೇನ್ರಿ?’ ಅಂತ ಸೇಲ್ಸ್‌ಮನ್‌ಗೆ ಕೇಳಿದೆ.

‘ಕೊಟ್ಟೀನ್ರಿ ಸರ. ಎರಡು ಡಜನ್, ಮ್ಯಾಲ ಎರಡು ಫ್ರೀ. ಅವರು ಕ್ರೀಮ್ ತಗೊಳ್ಳೋದೇ ಇಲ್ಲಲ್ರಿ.’

ಅಂಗಡಿಯವರಿಗೂ ಫೋನ್ ಮಾಡಿ ಕೇಳಿದೆ, ಅವರೂ ಅದನ್ನೇ ಹೇಳಿದರು. ಮೊಬೈಲ್ ಪಟ್ಟಿಯಲ್ಲಿ ಈ ಎರಡು ಐಟಂ ಒಂದರ ಕೆಳಗೊಂದು ಇವೆ, ಬೆರಳು ಒಂದು ಸಾಲು ಕೆಳಗೆ ಬಿದ್ದಿದೆ. ಅಂಗಡಿ ರೇಟು ನಮ್ಮಲ್ಲಿ ಗ್ಲೂಕೋಸ್‌ಗೆ 4.40, ಕ್ರೀಮ್‌ಗೆ 4.50. ಹಾಗಾಗಿ ಅಂಗಡಿಯವರು ಕೊಟ್ಟದ್ದು 2.40 ರೂಪಾಯಿ ಜಾಸ್ತಿ, ಅಷ್ಟೇ. ದುಡ್ಡಿನ ತಾಳೆಯಲ್ಲಿ ಇದು ಯಾವತ್ತೂ ಕಾಣುತ್ತಿರಲಿಲ್ಲ, ಯಾಕೆಂದರೆ ದುಡ್ಡು ಬಂದದ್ದೂ ಆ ತಪ್ಪು ಬಿಲ್‌ನ ಪ್ರಕಾರವೇ. ರೊಕ್ಕ ಸರಿ ಬಂತು ಅಂತ ಮಾಲು ಎಣಿಸದೇ ಬಿಡುವವರಿಗೆ ನಾನು ಇದೇ ಉದಾಹರಣೆ ಕೊಡುವುದು.

ಬಿಲ್ ಅಂಗಡಿಯವರ ಕೈ ಸೇರಿಯಾಗಿತ್ತು. ಹಾಗಾಗಿ ಅದನ್ನು ಅಳಿಸಲಿಲ್ಲ. 24 ಕ್ರೀಮ್‌ಗೆ ಕ್ರೆಡಿಟ್ ನೋಟ್ ಮಾಡಿ, 24 ಗ್ಲೂಕೋಸ್ ಮತ್ತು 2 ಫ್ರೀಗೆ ಹೊಸ ಬಿಲ್ ಮಾಡಿದೆ. ಉಳಿದ 2.40 ಅವರ ಖಾತೆಯಲ್ಲಿ ಜಮಾ ಇತ್ತು, ಮುಂದಿನ ಬಿಲ್‌ನಲ್ಲಿ ಕಳೆದೆವು.

ಟ್ಯಾಲಿ ಸಾಫ್ಟ್‌ವೇರ್‌ನಲ್ಲಿ ನಾನು ವ್ಯಾನನ್ನು ಒಂದು ಬೇರೆ ಗೋದಾಮು ಮಾಡಿಕೊಂಡಿದ್ದೇನೆ. ಹಾಳಾದ ಮಾಲಿಗೂ ಒಂದು ಗೋದಾಮು. ಬೆಳಿಗ್ಗೆ Stock Journal ಹಾಕಿ ಮುಖ್ಯ ಗೋದಾಮಿನಿಂದ ವ್ಯಾನ್‌ಗೆ ವರ್ಗ, ಬಿಲ್ ಎಲ್ಲಾ ವ್ಯಾನ್ ಗೋದಾಮಿನಿಂದ, ಸಂಜೆ ಎಣಿಸಿದಷ್ಟು ಮತ್ತೆ ಮುಖ್ಯ ಗೋದಾಮಿಗೆ. ಬದಲಿ ಕೊಟ್ಟ 9 ಪೀಸನ್ನು ವ್ಯಾನ್‌ನಿಂದ ಡ್ಯಾಮೇಜ್ ಗೋದಾಮಿಗೆ ಹಾಕಿದರೆ ಸಾಕು. ಒಳ್ಳೆಯದು ಅಂಗಡಿಗೆ ಹೋಗಿ ಹಾಳಾದದ್ದು ಬಂದದ್ದರ ಒಟ್ಟು ಫಲ ಅಷ್ಟೇ. ಎಲ್ಲಾ ಸರಿಯಾಗಿದ್ದರೆ ರಾತ್ರಿ ವ್ಯಾನ್ ಗೋದಾಮು ಪೂರ್ತಿ ಸೊನ್ನೆ. ಅವತ್ತು ಬಿಲ್ ತಿದ್ದಿದ ಮೇಲೆ 104 ಗ್ಲೂಕೋಸ್, 168 ಕ್ರೀಮ್ ವಾಪಸ್ ಹಾಕಿದೆ, ಎರಡೂ ಸೊನ್ನೆಗೆ ಬಂದವು.

ಒಂದು ಎಚ್ಚರಿಕೆ. ಟ್ಯಾಲಿಯಲ್ಲಿ Physical Stock ಅನ್ನುವ ವೋಚರ್ ಇದೆ. ಎಣಿಸಿದ ಸಂಖ್ಯೆ ಹಾಕಿದರೆ ಪುಸ್ತಕದ ಸ್ಟಾಕ್ ಅದಕ್ಕೇ ಹೊಂದಿಕೊಂಡುಬಿಡುತ್ತದೆ. ದಿನದ ವ್ಯಾನ್ ತಾಳೆಗೆ ಅದನ್ನು ಬಳಸಬೇಡಿ. 26 ಕಮ್ಮಿ, 24 ಜಾಸ್ತಿ ಎರಡೂ ಒಂದೇ ಏಟಿಗೆ ಕಾಣದಂತಾಗುತ್ತವೆ, ಅಂಗಡಿಯವರ ಬಿಲ್ ಮಾತ್ರ ತಪ್ಪಾಗಿಯೇ ಉಳಿಯುತ್ತದೆ.

ಎಲ್ಲಾ ವ್ಯತ್ಯಾಸಕ್ಕೂ ಅದೇ ಸಂಜೆ ಉತ್ತರ ಸಿಗುವುದಿಲ್ಲ. ಮಾಲು ಕಮ್ಮಿಯಿದ್ದು ಅದರ ಬೆಲೆಯಷ್ಟೇ ರೊಕ್ಕ ಜಾಸ್ತಿ ಬಂದಿದ್ದರೆ ಬಿಲ್ ಮಾಡದ ಮಾರಾಟ, ಅದು ಸುಲಭ. ಮಾಲು ಜಾಸ್ತಿಯಿದ್ದು ರೊಕ್ಕ ಸರಿ ಇದ್ದರೆ ಯಾವುದೋ ಅಂಗಡಿಗೆ ಕಮ್ಮಿ ಇಳಿಸಿದ್ದೇವೆ, ಅವರೇ ಫೋನ್ ಮಾಡುತ್ತಾರೆ. ಕಮ್ಮಿಯಿದ್ದು, ಜೋಡಿ ಐಟಂ ಇಲ್ಲದೆ, ರೊಕ್ಕವೂ ಸರಿ ಇದ್ದರೆ ಕಷ್ಟ. ಅಂಥದ್ದನ್ನು ನಾನು ವ್ಯಾನ್ ಗೋದಾಮಿನಲ್ಲೇ ಬಾಕಿ ಬಿಡುತ್ತೇನೆ, ಅದೇ ಲೈನ್‌ಗೆ ವ್ಯಾನ್ ಮತ್ತೆ ಹೋಗಿ ಬರುವವರೆಗೆ. ಅಷ್ಟರಲ್ಲಿ ಅಂಗಡಿಗಳಲ್ಲಿ ಕೇಳಿ ನೋಡಬಹುದು. ಮೊದಲ ಸಂಜೆಯೇ ಸೇಲ್ಸ್‌ಮನ್ ಸಂಬಳಕ್ಕೆ ಹಾಕುವುದು ನನಗೆ ಸರಿ ಕಾಣುವುದಿಲ್ಲ. ಹಾಗೆ ಮಾಡಿದ ಕಡೆ ಅವರು ಮುಂದಿನ ಸಲ ಬದಲಿ ಪುಸ್ತಕದಲ್ಲಿ ಎರಡು ಜಾಸ್ತಿ ಬರೆದು ತಮ್ಮನ್ನು ಉಳಿಸಿಕೊಳ್ಳುತ್ತಾರೆ, ಆಮೇಲೆ ಯಾವ ಕಾಗದವನ್ನೂ ನಂಬಲಾಗುವುದಿಲ್ಲ.

ಬಾಕಿ ಬಿಟ್ಟದ್ದನ್ನು ತಿಂಗಳ ಕೊನೆಗೆ ಐಟಂ ಪ್ರಕಾರ ಒಟ್ಟಿಗೆ ಇಟ್ಟು ನೋಡುತ್ತೇನೆ. ಬೇರೆ ಬೇರೆ ಲೈನ್, ಬೇರೆ ಬೇರೆ ಸೇಲ್ಸ್‌ಮನ್, ಆದರೆ ಕಮ್ಮಿ ಮಾತ್ರ ಒಂದೇ ಐಟಂನಲ್ಲಿ ಅಂತಾದರೆ ವ್ಯಾನ್ ಬಿಟ್ಟು ಗೋದಾಮಿನ ಕಡೆ ತಿರುಗಬೇಕು. ಖಾರದ ಲಡಿಯಲ್ಲಿ ಹಾಗೇ ಆಗುತ್ತಿತ್ತು. ಸೀಲ್ ಇದ್ದ ಬಾಕ್ಸ್‌ಗಳನ್ನು ಲೋಡ್‌ಗೆ ಮುಂಚೆ ಒಡೆದು ಎಣಿಸಿದಾಗ ಕೆಲವು ಬಾಕ್ಸ್‌ನಲ್ಲಿ ಒಂದು ಲಡಿ ಕಮ್ಮಿಯೇ ಬಂದಿತ್ತು. ಬಾಕ್ಸ್‌ನ ಬ್ಯಾಚ್ ನಂಬರ್ ಮತ್ತು ಫೋಟೋ ಕಳಿಸಿ ಕಂಪನಿಗೆ ಕ್ಲೇಮ್ ಹಾಕಿದೆವು. ಈಗ ಆ ಐಟಂ ಬಂದ ದಿನವೇ, ವ್ಯಾನ್ ಹತ್ತುವ ಮೊದಲೇ, ಪ್ರತಿ ಬ್ಯಾಚ್‌ನಿಂದ ಒಂದೆರಡು ಬಾಕ್ಸ್ ತೂಕಕ್ಕೆ ಇಡುತ್ತೇವೆ. ಒಂದು ಲಡಿ ಕಮ್ಮಿ ಇದ್ದರೆ ಕಾಟಾದಲ್ಲೇ ಗೊತ್ತಾಗುತ್ತದೆ.