ಅಜ್ಜಿಯ ಚಮಚ, ನನ್ನ ಸಿರಿಂಜು

ಕೂಸಿಗೆ ಕೊಡುವ ಔಷಧದ ಲೆಕ್ಕವನ್ನು ಅಜ್ಜಿಯರಿಗೆ ಹೇಳಿ ಒಪ್ಪಿಸಲು ಸಾಧ್ಯವಿಲ್ಲ ಎಂದು ನಮ್ಮ ಮಾಸಿಕ ಸಭೆಯಲ್ಲಿ ಎಲ್ಲರೂ ಹೇಳಿದ್ದರು. ಈಗ ಶಿರಸಿ ಸೀಮೆಯ ನನ್ನ ಎರಡು ಮಜರೆಗಳಲ್ಲಿ ಹಳೆಯ ಬಾಟಲಿ ತೆಗೆಯುವ ಮೊದಲು ಅಜ್ಜಿಯರೇ ನನಗೆ ಫೋನ್ ಮಾಡುತ್ತಾರೆ. ಹಾಗಾಗಿ ಬರೆಯುತ್ತಿದ್ದೇನೆ. ಓದುವವರು ಹೆಚ್ಚಿನವರು ನನ್ನಂತೆ ಆಶಾ ಕಾರ್ಯಕರ್ತೆಯರೇ ಆದ್ದರಿಂದ ಮನೆಭೇಟಿಯ ಕ್ರಮವನ್ನೆಲ್ಲ ವಿವರಿಸುವುದಿಲ್ಲ.

ಮೊದಲ ವರ್ಷ ಪೂರ್ತಿ ಸೋತೆ. "ಹಳೆಯ ಬಾಟಲಿಯ ಔಷಧ ಕೂಸಿಗೆ ಕೊಡಬೇಡಿ, ಅಪಾಯ" ಎಂದು ಹೇಳಿ ಬರುತ್ತಿದ್ದೆ. ನಾನು ಅಂಗಳ ದಾಟುವಷ್ಟರಲ್ಲಿ ಬೈಗುಳ ಸೊಸೆಯ ಮೇಲೆ ಬೀಳುತ್ತಿತ್ತು. ಬಾಟಲಿ ಮತ್ತೆ ಕಪಾಟಿಗೆ ಹೋಗುತ್ತಿತ್ತು. ದುಡ್ಡು ಕೊಟ್ಟು ತಂದ ಔಷಧವನ್ನು ಚೆಲ್ಲಲು ಯಾರಿಗೆ ಮನಸ್ಸು ಬರುತ್ತದೆ?

ದಾರಿ ತೋರಿಸಿದ್ದು ಒಂದು ಮನೆ. ಮಗುವಿಗೆ ಮೂರೂವರೆ ತಿಂಗಳು, ತೂಕ 5 ಕಿಲೋ. ಚುಚ್ಚುಮದ್ದಿನ ಮರುದಿನ ಮೈ ಬಿಸಿಯಾಗಿತ್ತು. ಹಿಂದಿನ ಜ್ವರಕ್ಕೆ ವೈದ್ಯರು ಪ್ಯಾರಾಸಿಟಮಾಲ್ ಸಿರಪ್ 3 ಮಿ.ಲೀ. ಎಂದು ಹೇಳಿದ್ದು ಅಜ್ಜಿಯ ನೆನಪಿನಲ್ಲಿತ್ತು. ಆ ಬಾಟಲಿ ಮುಗಿದಿತ್ತು. ಮಗಳ ಮಗುವಿಗೆ ತಂದು ಉಳಿದಿದ್ದ ಹನಿ ಔಷಧದ ಪುಟ್ಟ ಬಾಟಲಿ ಕಪಾಟಿನಲ್ಲಿತ್ತು, ಹೆಸರು ಅದೇ. ಅದರಿಂದಲೇ 3 ಮಿ.ಲೀ. ಕುಡಿಸಿದ್ದರು. ಎರಡನೆಯ ಸಲಕ್ಕೆ ಅಳೆಯುತ್ತಿದ್ದಾಗ ನಾನು ಜಗಲಿ ಹತ್ತಿದೆ.

ಆ ಸಿರಪ್ಪಿನ 5 ಮಿ.ಲೀ.ನಲ್ಲಿ 125 ಮಿ.ಗ್ರಾಂ ಔಷಧ, 3 ಮಿ.ಲೀ. ಎಂದರೆ 75. ಹನಿ ಔಷಧದ ಒಂದೇ ಮಿ.ಲೀ.ನಲ್ಲಿ 100 ಮಿ.ಗ್ರಾಂ, 3 ಮಿ.ಲೀ. ಎಂದರೆ 300. ಮಗುವಿಗೆ ಹೋದದ್ದು ನಾಲ್ಕು ಪಟ್ಟು! ತಾಲ್ಲೂಕು ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಒಂದೇ ಸಲವಾದ್ದರಿಂದ ಮಗು ಉಳಿಯಿತು, ದಿನವಿಡೀ ಹೀಗೇ ಕೊಟ್ಟಿದ್ದರೆ ಯಕೃತ್ತಿಗೆ ಪೆಟ್ಟು ಬೀಳುತ್ತಿತ್ತು ಎಂದರು ವೈದ್ಯರು. ಆ ಪೆಟ್ಟು ಮೊದಲ ದಿನ ಕಣ್ಣಿಗೆ ಕಾಣುವುದಿಲ್ಲ. ಮಗು ನಗುತ್ತಲೇ ಇರಬಹುದು. ವಾಂತಿ, ಮಂಕು, ಕಾಮಾಲೆ ಆಮೇಲೆ ಬರುತ್ತವೆ. "ಕೊಟ್ಟೆ, ಏನೂ ಆಗಲಿಲ್ಲ" ಎಂಬ ಮಾತನ್ನು ನಾನು ನಂಬದಿರುವುದು ಇದಕ್ಕೇ.

ಆ ಮನೆಯ ಅಜ್ಜ ಅಡಿಕೆ ಬೆಳೆಗಾರರು. ಅವರಿಗೆ ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣದ ಉದಾಹರಣೆ ಕೊಟ್ಟೆ. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. "ಇಪ್ಪತ್ತೈದು ಲೀಟರಿಗೇ ಅಷ್ಟೂ ಮೈಲುತುತ್ತು ಹಾಕಿ, ಕೊನೆಗಾರನಿಗೆ ಎಂದಿನಷ್ಟೇ ಹೊಡೆ ಎನ್ನುತ್ತೀರಾ?" ಎಂದು ಕೇಳಿದೆ. ಅಜ್ಜ ಹೆಂಡತಿಯ ಮುಖ ನೋಡಿದರು. "ನಿನ್ನೆ ಉಳಿದ ದ್ರಾವಣವನ್ನು ಇವತ್ತು ಹೊಡೆಯುತ್ತೀರಾ?" ಎಂದೆ. "ಇಲ್ಲ ತಂಗಿ, ಅದು ಕೆಟ್ಟಿರುತ್ತದೆ" ಎಂದರು. ನೀರು ಬೆರೆಸಿದ ಆ್ಯಂಟಿಬಯಾಟಿಕ್ ಪುಡಿಯೂ ಹಾಗೆಯೇ. ಹೆಚ್ಚಿನವು ಒಂದು ವಾರಕ್ಕೆ ಮುಗಿದಂತೆ. ಬಾಟಲಿಯ ಮೇಲಿನ ದಿನಾಂಕ ಒಣ ಪುಡಿಯದ್ದು.

ಅಂದಿನಿಂದ ಮೊದಲು ಮಾತಾಡುವುದಿಲ್ಲ, ಅಳೆಯುತ್ತೇನೆ. ಅಜ್ಜಿಯ ಚಮಚವನ್ನೇ ತರಿಸಿ ನೀರು ತುಂಬಿಸುತ್ತೇನೆ, 5 ಮಿ.ಲೀ. ಸಿರಿಂಜಿನಿಂದ ಹೀರಿ ಅವರ ಕೈಗೇ ಕೊಡುತ್ತೇನೆ. ಕುತೂಹಲಕ್ಕೆ ಹತ್ತು ಹನ್ನೆರಡು ಮನೆಗಳ ಚಮಚ ಅಳೆದೆ. ಮೂರರಿಂದ ಸುಮಾರು ಎಂಟು ಮಿ.ಲೀ.ವರೆಗೆ ಬಂದವು, ಸರಿಯಾಗಿ ಐದು ಹಿಡಿದದ್ದು ಒಂದೋ ಎರಡೋ. ಸಿರಿಂಜುಗಳಿಗೆ ಕೈಯಿಂದ ನೂರೈವತ್ತು ರೂಪಾಯಿಯಷ್ಟು ಹೋಯಿತು. ಒಂದು ಕೂಸಿನ ಆರು ಮನೆಭೇಟಿ ಮುಗಿದರೆ ಕೈಗೆ ಬರುವುದು 250 ರೂಪಾಯಿ. ಆದರೂ ಈ ಖರ್ಚಿಗೆ ನನಗೆ ಬೇಸರವಿಲ್ಲ.

ಕಷ್ಟವಾದದ್ದು ಜೇನಿನ ವಿಷಯ. ನೆಗಡಿಗೆ ದೊಡ್ಡವರು ಕುಡಿಯುವ ಕಾಳುಮೆಣಸಿನ ಕಷಾಯಕ್ಕೆ ಜೇನು ಬೆರೆಸಿ ಕೂಸಿಗೂ ನೆಕ್ಕಿಸುತ್ತಾರೆ. "ನಮ್ಮದೇ ಪೆಟ್ಟಿಗೆಯ ಜೇನು, ಕಲಬೆರಕೆ ಇಲ್ಲ" ಎನ್ನುತ್ತಾರೆ. ಶುದ್ಧ ಜೇನಿನಲ್ಲೂ ಕೂಸಿನ ಸ್ನಾಯುಗಳ ಬಲ ಕುಂದಿಸುವ ಬೊಟುಲಿಸಂ ರೋಗಾಣುವಿನ ಬೀಜಕಗಳು ಇರಬಹುದು, ಕಷಾಯದ ಬಿಸಿಗೆ ಅವು ಸಾಯುವುದಿಲ್ಲ. ದಟ್ಟ ತೋಟದಲ್ಲಿ ಕಳೆ ಏಳುವುದಿಲ್ಲ, ಹೊಸದಾಗಿ ಅಗೆದ ನೆಲದಲ್ಲಿ ಏಳುತ್ತದೆ. ದೊಡ್ಡವರ ಕರುಳು ಹಳೆಯ ತೋಟ, ವರ್ಷ ತುಂಬದ ಕೂಸಿನದು ಹೊಸ ನೆಲ. ಮಲಬದ್ಧತೆ, ಸೋತ ಅಳು, ಹಾಲೆಳೆಯಲು ಬಲವಿಲ್ಲದಿರುವುದು ಕಂಡರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಇಷ್ಟು ಹೇಳಿದರೂ ಎರಡು ಮನೆಯವರು ಒಪ್ಪಲಿಲ್ಲ. ಆ ಎರಡು ಮನೆಗಳಲ್ಲಿ ಕೊನೆಗೆ ನಾನು ಏನು ಮಾಡಿದೆ ಎಂಬುದನ್ನು ಬರೆಯುವುದಿಲ್ಲ, ಸಭೆಯಲ್ಲಿ ಸಿಕ್ಕವರಿಗೆ ಹೇಳುತ್ತೇನೆ.

ಒಂದು ಕಡೆ ಮಾತ್ರ ನಾನು ಉದಾಹರಣೆಗೂ ಕಾಯುವುದಿಲ್ಲ. ಎರಡು ತಿಂಗಳೊಳಗಿನ ಕೂಸಿನ ಕಂಕುಳಲ್ಲಿ ಥರ್ಮಾಮೀಟರ್ 37.5 ಡಿಗ್ರಿ ಸೆಲ್ಸಿಯಸ್ ಅಥವಾ ಮೇಲೆ ತೋರಿಸಿದರೆ ಯಾವ ಬಾಟಲಿಯನ್ನೂ ಮುಟ್ಟಲು ಬಿಡುವುದಿಲ್ಲ. ಜ್ವರ ಇಳಿದರೂ ಒಳಗಿನ ಸೋಂಕು ಇಳಿದಿರುವುದಿಲ್ಲ, ಮನೆಯವರು ಮಾತ್ರ ನಿಶ್ಚಿಂತೆಯಿಂದ ಮಲಗುತ್ತಾರೆ. ನೇರವಾಗಿ 108ಕ್ಕೆ ಕರೆ ಮಾಡುತ್ತೇನೆ.

ಆ ಅಜ್ಜಿ ಈಗ ಕಪಾಟಿನಲ್ಲಿ ಕೂಸಿನ ಒಂದೇ ಬಾಟಲಿ ಇಡುತ್ತಾರೆ. ಅದರ ಕುತ್ತಿಗೆಗೆ ನನ್ನ ಸಿರಿಂಜನ್ನು ರಬ್ಬರ್ ಹಾಕಿ ಕಟ್ಟಿದ್ದಾರೆ.