ಐದು ವರ್ಷಕ್ಕೆ ಡಬಲ್ ಅಂದ್ರೆ ಬಡ್ಡಿ ಎಷ್ಟು? ಪಿಗ್ಮಿ ದಾರಿಯಲ್ಲಿ 72ರ ಲೆಕ್ಕ

ಉಡುಪಿಯಲ್ಲಿ ಒಂದು ಸಹಕಾರಿ ಸೊಸೈಟಿಗೆ ಪಿಗ್ಮಿ ಸಂಗ್ರಹಿಸುವುದು ನನ್ನ ಕೆಲಸ. ರಥಬೀದಿಯ ಹೂವಿನ ಅಂಗಡಿಯಿಂದ ಕಲ್ಸಂಕದ ಗ್ಯಾರೇಜಿನವರೆಗೆ ದಿನಾ ಒಂದೇ ದಾರಿ. ಪಿಗ್ಮಿ ಹುಟ್ಟಿದ್ದೇ ಈ ಊರಲ್ಲಿ, 1928ರಲ್ಲಿ, ಮುಂದೆ ಸಿಂಡಿಕೇಟ್ ಬ್ಯಾಂಕ್ ಆದ ಸಂಸ್ಥೆಯಿಂದ. ಹಾಗಾಗಿ ಇಲ್ಲಿನ ಅಂಗಡಿಯವರಿಗೆ ಉಳಿತಾಯದ ಬಗ್ಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಅವರು ಕೇಳುವುದು ಒಂದೇ ಪ್ರಶ್ನೆ: "ಎಷ್ಟು ವರ್ಷಕ್ಕೆ ಡಬಲ್ ಆಗ್ತದೆ?"

ಅದಕ್ಕೆ ನಿಂತಲ್ಲೇ ಉತ್ತರ ಕೊಡಲು ನಾನು ಬಳಸುವುದು 72ರ ಲೆಕ್ಕ. 72ನ್ನು ಬಡ್ಡಿದರದಿಂದ ಭಾಗಿಸಿದರೆ ಹಣ ಎರಡು ಪಟ್ಟಾಗಲು ಬೇಕಾದ ವರ್ಷ ಸಿಗುತ್ತದೆ. ಶೇ. 8 ಆದರೆ 9 ವರ್ಷ, ಶೇ. 6 ಆದರೆ 12 ವರ್ಷ. ಇದು ಹೊಸದೇನಲ್ಲ. ಇಟಲಿಯ ಲೂಕಾ ಪಾಚೋಲಿ 1494ರಲ್ಲಿ ಅಚ್ಚು ಹಾಕಿಸಿದ ಗಣಿತದ ಪುಸ್ತಕದಲ್ಲೇ ಇದು ಇದೆ. 72ನ್ನು 2, 3, 4, 6, 8, 9, 12 ಎಲ್ಲವೂ ಭಾಗಿಸುತ್ತವೆ. ಬಿಸಿಲಲ್ಲಿ ನಿಂತು ಬಾಯಿಲೆಕ್ಕ ಮಾಡುವವನಿಗೆ ಇದಕ್ಕಿಂತ ಒಳ್ಳೆಯ ಸಂಖ್ಯೆ ಇಲ್ಲ.

ಲೆಕ್ಕ ಸರಿ ಬರುತ್ತದಾ ಎಂದು ನೋಡಲು ಒಂದು ಲಕ್ಷವನ್ನು ಶೇ. 8ಕ್ಕೆ ಇಡಿ. ಮೊದಲ ವರ್ಷ ಬರುವ ಬಡ್ಡಿ 8,000. ಅದನ್ನು ತೆಗೆಯದೆ ಅಸಲಿಗೇ ಸೇರಿಸುತ್ತಾ ಹೋದರೆ, ಒಂಬತ್ತನೇ ವರ್ಷದ ಬಡ್ಡಿಯೊಂದೇ ಹತ್ತಿರಹತ್ತಿರ 14,800 ಆಗಿರುತ್ತದೆ. ಕೊನೆಗೆ ಕೈಗೆ ಬರುವುದು 1,99,900. ನೂರು ರೂಪಾಯಿ ಮಾತ್ರ ಕಡಿಮೆ.

ಆದರೆ ವರ್ಷ ಹೇಳುವುದಕ್ಕಿಂತ ಇದನ್ನು ತಿರುಗಿಸಿ ಹಾಕುವುದರಲ್ಲೇ ನನಗೆ ಜಾಸ್ತಿ ಉಪಯೋಗ ಕಂಡಿದೆ. ಬಡ್ಡಿದರ ಹೇಳದೆ ಬರೀ "ಇಷ್ಟು ವರ್ಷಕ್ಕೆ ಡಬಲ್" ಎಂದು ಯಾರಾದರೂ ಹೇಳಿದರೆ, 72ನ್ನು ಆ ವರ್ಷದಿಂದ ಭಾಗಿಸಬೇಕು. ಅಡಗಿಸಿಟ್ಟ ಬಡ್ಡಿದರ ಹೊರಗೆ ಬರುತ್ತದೆ.

ನನ್ನ ದಾರಿಯಲ್ಲಿ ಟೈಲರಿಂಗ್ ಮಾಡುವ ಒಬ್ಬರು ಅಕ್ಕ ಇದ್ದಾರೆ. ಅವರ ಹತ್ತಿರ ಎರಡು ಲಕ್ಷ ಒಟ್ಟಾಗಿತ್ತು. ಸಂಬಂಧಿಕರ ಹುಡುಗನೊಬ್ಬ ಯಾವುದೋ ಸ್ಕೀಮಿನ ಕಾಗದ ಹಿಡಿದು ಬಂದಿದ್ದ.

"ಐದು ವರ್ಷಕ್ಕೆ ಡಬಲ್ ಅಂತೆ. ಹಾಕಬಹುದಾ?" ಎಂದರು.

"ಬಡ್ಡಿ ಎಷ್ಟು ಅಂತ ಬರೆದಿದ್ದಾರಾ ಅಕ್ಕ?"

"ಅದೆಲ್ಲ ಇಲ್ಲ. ಡಬಲ್ ಅಂತ ಮಾತ್ರ ಉಂಟು."

72ನ್ನು 5ರಿಂದ ಭಾಗಿಸಿದರೆ 14.4. ಸರಿಯಾಗಿ ಲೆಕ್ಕ ಹಾಕಿದರೆ ಇನ್ನೂ ಸ್ವಲ್ಪ ಮೇಲೆ, ಶೇ. 14.87. ಬ್ಯಾಂಕು ಶೇ. 7ರ ಆಸುಪಾಸು ಕೊಡುವಾಗ ಇವರು ಅದರ ಎರಡರಷ್ಟು ಕೊಡಬೇಕು. ಅಂದ್ರೆ ಆ ಹಣವನ್ನು ಅದಕ್ಕಿಂತ ಮೇಲಿನ ಬಡ್ಡಿಗೆ ಯಾರಿಗೋ ಸಾಲ ಕೊಟ್ಟು, ಅದು ಪೂರ್ತಿ ವಾಪಸ್ ಬರಬೇಕು. ಅಷ್ಟು ಬಡ್ಡಿ ಕೊಟ್ಟು ಸಾಲ ಪಡೆಯುವವರು ಯಾರು? ಬೇರೆ ಎಲ್ಲೂ ಸಾಲ ಸಿಗದವರು. ಇಲ್ಲವಾದರೆ ಹೊಸಬರ ಹಣವನ್ನೇ ಹಳಬರಿಗೆ ಕೊಡುತ್ತಿರಬೇಕು. ಸ್ಕೀಮು ಸುಳ್ಳು ಎಂದು 72 ಹೇಳುವುದಿಲ್ಲ. ಯಾವ ಪ್ರಶ್ನೆ ಕೇಳಬೇಕು ಎಂದು ತೋರಿಸುತ್ತದೆ, ಅಷ್ಟೇ.

ಇಲ್ಲಿ ಒಂದು ಮಾತು ಹೇಳಬೇಕು. ವಯಸ್ಸಾದವರಿಗೆ ಐದು ವರ್ಷದ ಡಬಲ್ ಅಷ್ಟೊಂದು ಅಸಾಧ್ಯ ಅನ್ನಿಸುವುದಿಲ್ಲ. ಅದಕ್ಕೆ ಕಾರಣ ಉಂಟು. 1988ರಲ್ಲಿ ಅಂಚೆ ಕಚೇರಿಯ ಕಿಸಾನ್ ವಿಕಾಸ್ ಪತ್ರ ಶುರುವಾದಾಗ ಹಣ ಐದೂವರೆ ವರ್ಷಕ್ಕೆ ಡಬಲ್ ಆಗುತ್ತಿತ್ತು. ಸರ್ಕಾರವೇ ಶೇ. 13ರ ಮೇಲೆ ಕೊಡುತ್ತಿದ್ದ ಕಾಲ ಅದು. 2014ರಲ್ಲಿ ಅದೇ ಪತ್ರ ಮತ್ತೆ ಬಂದಾಗ ಅವಧಿ 100 ತಿಂಗಳು. 2023ರ ಏಪ್ರಿಲ್‌ನಲ್ಲಿ ಶೇ. 7.5 ಬಡ್ಡಿಗೆ 115 ತಿಂಗಳು ಎಂದಾಯಿತು. 72ನ್ನು 7.5ರಿಂದ ಭಾಗಿಸಿ ನೋಡಿ: 9.6 ವರ್ಷ, ಅಂದ್ರೆ 115 ತಿಂಗಳೇ. ಅಂಚೆಯವರ ಕಾಗದಕ್ಕೂ ಬಾಯಿಲೆಕ್ಕಕ್ಕೂ ಇಷ್ಟು ಚೆನ್ನಾಗಿ ತಾಳೆಯಾಗುವ ಉದಾಹರಣೆ ಬೇರೆ ಸಿಗಲಿಕ್ಕಿಲ್ಲ. ಹಾಗಾಗಿ ಯಾರಿಗಾದರೂ ಈ ಲೆಕ್ಕ ಕಲಿಸುವಾಗ ನಾನು ಇದನ್ನೇ ಹೇಳುತ್ತೇನೆ.

ಅಕ್ಕನ ಹುಡುಗ ಬಿಡಲಿಲ್ಲ. ಅವನ ಹತ್ತಿರ ಇನ್ನೊಂದು ಕಾಗದ ಇತ್ತು. ಅದರಲ್ಲಿ "ಹತ್ತು ವರ್ಷಕ್ಕೆ ಡಬಲ್, ವರ್ಷಕ್ಕೆ ಶೇ. 10 ಲಾಭ" ಎಂದಿತ್ತು. ಇದು ಬಹಳ ಕಡೆ ಕಾಣುವ ಚಮತ್ಕಾರ. ನೂರು ರೂಪಾಯಿ ಹತ್ತು ವರ್ಷದಲ್ಲಿ ಇನ್ನೂರಾದರೆ ಒಟ್ಟು ಲಾಭ ನೂರು. ಅದನ್ನು ಹತ್ತು ವರ್ಷಕ್ಕೆ ಸಮವಾಗಿ ಹಂಚಿ ಶೇ. 10 ಅಂದುಬಿಡುತ್ತಾರೆ. ಆದರೆ 72ನ್ನು 10ರಿಂದ ಭಾಗಿಸಿದರೆ 7.2. ಬ್ಯಾಂಕಿನ ದರಕ್ಕೆ ಹೋಲಿಸಬೇಕಾದದ್ದು ಈ 7.2ನ್ನು. ಹಾಗೆ ಹಂಚುವುದಾದರೆ ಅಂಚೆ ಕಚೇರಿಯ ಶೇ. 7.5 ಕೂಡ ಶೇ. 10.4 ಎಂದು ಕಾಣುತ್ತದೆ. ಅಂಚೆಯವರು ಹಾಗೆ ಹೇಳಿಕೊಳ್ಳುವುದಿಲ್ಲ ಅನ್ನುವುದು ಬೇರೆ ವಿಷಯ.

"ಹಾಗಾದ್ರೆ ಬ್ಯಾಂಕಲ್ಲೇ ಇಟ್ಟರೆ?" ಎಂದು ಅಕ್ಕ ಕೇಳಿದರು.

ಬ್ಯಾಂಕಿನ ಎಫ್‌ಡಿಗೆ ನಾನು 72 ಬಳಸುವುದಿಲ್ಲ, 70 ಬಳಸುತ್ತೇನೆ. ಬ್ಯಾಂಕುಗಳು ಸಾಮಾನ್ಯವಾಗಿ ಮೂರು ತಿಂಗಳಿಗೊಮ್ಮೆ ಬಡ್ಡಿಯನ್ನು ಅಸಲಿಗೆ ಸೇರಿಸುತ್ತವೆ. ವರ್ಷಕ್ಕೊಮ್ಮೆ ಸೇರಿಸುವುದಕ್ಕಿಂತ ಹಣ ಸ್ವಲ್ಪ ಬೇಗ ಬೆಳೆಯುತ್ತದೆ. ಹಾಗಾಗಿ ಶೇ. 7ಕ್ಕೆ 72ರ ಲೆಕ್ಕ ಹತ್ತು ವರ್ಷ ಮೂರು ತಿಂಗಳು ಅನ್ನುತ್ತದೆ, 70ರ ಲೆಕ್ಕ ಸರಿಯಾಗಿ ಹತ್ತು ವರ್ಷ ಅನ್ನುತ್ತದೆ. ಕ್ಯಾಲ್ಕುಲೇಟರಿನಲ್ಲಿ ನೋಡಿದರೆ ಎರಡು ಲಕ್ಷ ಹತ್ತು ವರ್ಷಕ್ಕೆ ನಾಲ್ಕು ಲಕ್ಷದ ಮುನ್ನೂರು ಚಿಲ್ಲರೆ ಆಗುತ್ತದೆ. 70 ಗೆದ್ದಿತು.

ಆದರೆ ಅಕ್ಕನಿಗೆ ಬೇರೆ ಯೋಚನೆಯೂ ಇತ್ತು. ಅಂಗಡಿ ಬಾಡಿಗೆಗೆ ಆಗುತ್ತದೆ, ಬಡ್ಡಿಯನ್ನು ತಿಂಗಳು ತಿಂಗಳು ತೆಗೆದುಕೊಳ್ಳೋಣ ಎಂದು. ಅಲ್ಲಿಗೆ 72ರ ಲೆಕ್ಕವೂ ಇಲ್ಲ, 70ರದ್ದೂ ಇಲ್ಲ. ಬಡ್ಡಿ ಹೊರಗೆ ಹೋದರೆ ಅಸಲು ಎರಡು ಲಕ್ಷದಲ್ಲೇ ನಿಲ್ಲುತ್ತದೆ. ಬೇಕಾದರೆ 100ನ್ನು ಬಡ್ಡಿದರದಿಂದ ಭಾಗಿಸಬಹುದು. ಶೇ. 7ಕ್ಕೆ ಹದಿನಾಲ್ಕು ವರ್ಷ ಚಿಲ್ಲರೆ. ಅಷ್ಟು ವರ್ಷದಲ್ಲಿ ಅವರು ತೆಗೆದ ಬಡ್ಡಿಯೆಲ್ಲ ಸೇರಿ ಎರಡು ಲಕ್ಷ ಆಗಿರುತ್ತದೆ, ಖರ್ಚೂ ಆಗಿರುತ್ತದೆ. ಹಾಗಾಗಿ ದರ ಕೇಳುವ ಮೊದಲು ನಾನು ಕೇಳುವುದು "ಬಡ್ಡಿ ಒಳಗೇ ಇರ್ತದಾ, ಹೊರಗೆ ಬರ್ತದಾ?" ಎಂದು.

ಕೊನೆಗೆ ಅವರು ಒಂದು ಲಕ್ಷವನ್ನು ಕಿಸಾನ್ ವಿಕಾಸ್ ಪತ್ರಕ್ಕೂ, ಒಂದು ಲಕ್ಷವನ್ನು ತಿಂಗಳ ಬಡ್ಡಿಯ ಎಫ್‌ಡಿಗೂ ಹಾಕಿದರು. ಪತ್ರವನ್ನು ಎರಡೂವರೆ ವರ್ಷದ ಒಳಗೆ ಸುಮ್ನೆ ಮುರಿಸಲು ಆಗುವುದಿಲ್ಲ. ತುರ್ತಿಗೆ ಎಫ್‌ಡಿ ಇದೆಯಲ್ಲ ಎಂಬುದು ಅವರದೇ ಲೆಕ್ಕ, ನನ್ನದಲ್ಲ.

ತೆರಿಗೆ ಕಟ್ಟುವವರಿಗೆ ಇನ್ನೊಂದು ಹೆಜ್ಜೆ ಉಂಟು. ಶೇ. 7 ಬಡ್ಡಿಯಲ್ಲಿ ಶೇ. 30 ತೆರಿಗೆಗೆ ಹೋದರೆ ಕೈಗೆ ಉಳಿಯುವುದು ಶೇ. 4.9. ಅದನ್ನೇ ಭಾಗಕ್ಕೆ ಹಾಕಬೇಕು. ಹತ್ತು ವರ್ಷದ ಡಬಲ್ ಹದಿನಾಲ್ಕು ವರ್ಷ ದಾಟುತ್ತದೆ.

ಸಾಲದ ಕಡೆಗೆ ಬಂದರೆ ಈ ಲೆಕ್ಕ ಇನ್ನೂ ಹರಿತ. ಮಾರ್ಕೆಟ್ಟಿನಲ್ಲಿ ಕೈಗಡದ ಬಡ್ಡಿಯನ್ನು ತಿಂಗಳ ಲೆಕ್ಕದಲ್ಲಿ ಹೇಳುತ್ತಾರೆ, ನೂರಕ್ಕೆ ಎರಡು ರೂಪಾಯಿ, ಮೂರು ರೂಪಾಯಿ ಎಂದು. ದರ ತಿಂಗಳದ್ದಾದರೆ ಉತ್ತರವೂ ತಿಂಗಳಲ್ಲೇ ಬರುತ್ತದೆ. ನೂರಕ್ಕೆ ಮೂರು ಎಂದರೆ 24 ತಿಂಗಳು. ಬಡ್ಡಿ ಕಟ್ಟದೆ ಅದನ್ನು ಅಸಲಿಗೆ ಸೇರಿಸುತ್ತಾ ಹೋದರೆ ಎರಡು ವರ್ಷಕ್ಕೆ ಸಾಲ ಎರಡು ಪಟ್ಟು. ಮೀನಿನ ಗಾಡಿ ಇಟ್ಟಿರುವ ಒಬ್ಬರಿಗೆ ಹೀಗೆ ಹೇಳಿದಾಗ ಅವರು "ನೂರಕ್ಕೆ ಮೂರು ಅಂದ್ರೆ ಸಣ್ಣದು ಅಂತ ಇದ್ದೆ ಮಾರಾಯ್ರೆ" ಎಂದರು. ಮೂರು ಅನ್ನುವ ಸಂಖ್ಯೆ ಸಣ್ಣದೇ. ಅದು ಸುತ್ತಿ ಸುತ್ತಿ ಬರುವುದು ಕಾಣುವುದಿಲ್ಲ.

ದರ ತೀರಾ ಮೇಲೆ ಹೋದಾಗ 72 ಸ್ವಲ್ಪ ತಪ್ಪುತ್ತದೆ. ವರ್ಷಕ್ಕೆ ಶೇ. 20 ಆದರೆ 72ರ ಲೆಕ್ಕ 3.6 ವರ್ಷ ಅನ್ನುತ್ತದೆ, ನಿಜ 3.8. ಇದಕ್ಕೊಂದು ಸುಲಭದ ತಿದ್ದುಪಡಿ ಇದೆ. ದರ 8ಕ್ಕಿಂತ ಪ್ರತಿ ಮೂರು ಮೇಲೆ ಹೋದ ಹಾಗೆ 72ಕ್ಕೆ ಒಂದು ಸೇರಿಸಿ. 20 ಎಂದರೆ 8ರ ಮೇಲೆ 12, ಹಾಗಾಗಿ ನಾಲ್ಕು ಸೇರಿ 76. ಅದನ್ನು 20ರಿಂದ ಭಾಗಿಸಿದರೆ 3.8. ನಾನು ಇದನ್ನು ಸಾಲದ ಲೆಕ್ಕಕ್ಕೆ ಮಾತ್ರ ಬಳಸುತ್ತೇನೆ. ಠೇವಣಿಗೆ ಯಾರಾದರೂ ಶೇ. 20 ಕೊಡುತ್ತೇನೆ ಅಂದರೆ ದಶಾಂಶದ ಚಿಂತೆ ಬೇಡ, ಅಸಲಿನ ಚಿಂತೆ ಮಾಡಬೇಕು.

ಇನ್ನು ನಾನು ಸಂಗ್ರಹಿಸುವ ಪಿಗ್ಮಿ. ಅದು ಎಷ್ಟು ವರ್ಷಕ್ಕೆ ಡಬಲ್ ಎಂದು ಹೊಸಬರು ಕೇಳುತ್ತಾರೆ. ಇದಕ್ಕೆ 72 ಹಾಕುವ ಹಾಗೇ ಇಲ್ಲ. 72 ಇರುವುದು ಒಂದೇ ಸಲ ಇಟ್ಟ ಇಡಿಗಂಟಿಗೆ. ಪಿಗ್ಮಿಯಲ್ಲಿ ಪ್ರತಿ ದಿನದ ಹಣದ ಗಡಿಯಾರ ಬೇರೆ. ಜನವರಿ ಒಂದರಂದು ಕೊಟ್ಟ ನೂರು ರೂಪಾಯಿಗೆ ಪೂರ್ತಿ ವರ್ಷದ ಬಡ್ಡಿ, ಡಿಸೆಂಬರ್ ಕೊನೆಯ ನೂರಕ್ಕೆ ಏನೂ ಇಲ್ಲ. ಸರಾಸರಿ ಅರ್ಧ ವರ್ಷದ ಬಡ್ಡಿ ಎಂದು ಹಿಡಿಯಬೇಕು. ದಿನಕ್ಕೆ ನೂರರಂತೆ ವರ್ಷಕ್ಕೆ 36,500 ಕಟ್ಟಿದರೆ, ದರ ಶೇ. 4 ಇದ್ದರೆ, ಅದರ ಅರ್ಧ ಶೇ. 2 ಹಾಕಿ: 730 ರೂಪಾಯಿ. ಆರ್‌ಡಿಯೂ ಹೀಗೆಯೇ. ವರ್ಷ ಮುಗಿದು ಆ ಗಂಟನ್ನು ಒಟ್ಟಿಗೆ ಎಫ್‌ಡಿಗೆ ಹಾಕಿದ ದಿನದಿಂದ ಬೇಕಾದರೆ ಡಬಲ್ ಲೆಕ್ಕ ಶುರು ಮಾಡಬಹುದು. ಬಡ್ಡಿ ವರ್ಷಕ್ಕೊಮ್ಮೆ ಸೇರುವಲ್ಲಿ 72, ಮೂರು ತಿಂಗಳಿಗೊಮ್ಮೆ ಸೇರುವಲ್ಲಿ 70.