ಫಿಫ್ಟೀನೋ ಫಿಫ್ಟಿಯೋ: ಮಡಿಕೇರಿ ಚಾಲಕರಿಗೆ ಸಂಜೆ ಇಂಗ್ಲಿಷ್

ಜೀಪು, ಟ್ಯಾಕ್ಸಿ ಓಡಿಸುವವರ ಬ್ಯಾಚನ್ನು ನಾನು ‘ಮೈ ನೇಮ್ ಈಸ್’ನಿಂದ ಶುರುಮಾಡುವುದಿಲ್ಲ. ಮೊದಲ ವಾರ ಪೂರ್ತಿ ಗಂಟೆ ಮತ್ತು ಬಾಡಿಗೆಯ ಮಾತು. ಸೂರ್ಯೋದಯ ನೋಡಲು ಮಾಂದಲಪಟ್ಟಿಗೆ ಹೊರಟವರು ಫೋನಿನಲ್ಲಿ ‘ಫೈವ್ ಫಿಫ್ಟೀನ್’ ಅಂದದ್ದು ‘ಫೈವ್ ಫಿಫ್ಟಿ’ ಎಂದು ಕೇಳಿಸಿದರೆ ಜೀಪು 35 ನಿಮಿಷ ತಡವಾಗುತ್ತದೆ. ಬಾಡಿಗೆ ಕೈತಪ್ಪಲು ಅಷ್ಟು ಸಾಕು.

ಕನ್ನಡದ ಬಾಯಿಗೆ ಪದದ ಕೊನೆಯಲ್ಲಿ ಉಕಾರ ಸೇರಿಸುವ ಅಭ್ಯಾಸ. ‘ಫಿಫ್ಟೀನು’ ಎಂದಾಗ ‘ನು’ ತೇಲಿಹೋಗಿ, ಕೇಳುವವರಿಗೆ ಎರಡೂ ಒಂದೇ ಆಗುತ್ತವೆ. ಹಾಗಾಗಿ ನಾಲಿಗೆಯ ತುದಿಯನ್ನು ಮೇಲಿನ ಹಲ್ಲಿನ ಹಿಂದೆ ಒತ್ತಿ, ‘ನ್’ ಅನ್ನು ಅಲ್ಲೇ ಒಂದು ಕ್ಷಣ ಹಿಡಿಸುತ್ತೇನೆ. ‘ಟೀ’ ಉದ್ದ, ಒತ್ತೂ ಅದರ ಮೇಲೆಯೇ. ‘ಫಿಫ್ಟಿ’ಯಲ್ಲಿ ಒತ್ತು ‘ಫಿಫ್’ ಮೇಲೆ, ‘ಟಿ’ ಗಿಡ್ಡ. ಇದನ್ನು ತರ್ಟೀನ್, ಫೋರ್ಟೀನ್ ಎಂದು ಸಾಲಾಗಿ ಎಣಿಸಿ ಕಲಿಸಬೇಡಿ. ಎಣಿಸುವಾಗ ಇಂಗ್ಲಿಷಿನವರೂ ಒತ್ತನ್ನು ಮುಂದಕ್ಕೆ ತರುತ್ತಾರೆ, ಇದ್ದ ವ್ಯತ್ಯಾಸವೇ ಮಸುಕಾಗುತ್ತದೆ. ‘ಫಿಫ್ಟೀನ್ ಮಿನಿಟ್ಸ್’ ಎನ್ನುವಾಗಲೂ ಹಾಗೆಯೇ. ಆದ್ದರಿಂದ ಒತ್ತಿಗಿಂತ ‘ನ್’ ಅನ್ನೇ ನಂಬಿ.

ಅದರ ಮೇಲೆ ಒಂದು ಭದ್ರತೆ: ಪ್ರತಿ ಸಂಖ್ಯೆಯನ್ನೂ ಬಿಡಿಸಿ ತಿರುಗಿ ಹೇಳುವುದು. ‘ಫೈವ್ ಫಿಫ್ಟೀನ್. ಒನ್ ಫೈವ್. ಕರೆಕ್ಟ್, ಸರ್?’ ಎದುರಿನವರು ‘ಎಸ್’ ಅನ್ನುವವರೆಗೆ ಫೋನ್ ಇಡಬಾರದು.

‘ಕ್ವಾರ್ಟರ್ ಟು ಸಿಕ್ಸ್’ ಬೇರೆಯದೇ ತೊಡಕು. ನಾವು ಐದೂಮುಕ್ಕಾಲು ಎಂದು ಐದರಿಂದ ಮುಂದಕ್ಕೆ ಹೋಗುತ್ತೇವೆ, ಅವರು ಆರರಿಂದ ಹಿಂದಕ್ಕೆ ಬರುತ್ತಾರೆ. ‘ಕ್ವಾರ್ಟರ್’, ‘ಸಿಕ್ಸ್’ ಎರಡೇ ಕಿವಿಗೆ ಬಿದ್ದವನು ಆರೂಕಾಲಿಗೆ ಹೋಗಿ ನಿಲ್ಲುತ್ತಾನೆ. ಇದನ್ನು ಆಡಲು ಕಲಿಸುವುದಿಲ್ಲ, ಕೇಳಿ ಅರ್ಥಮಾಡಿಕೊಂಡರೆ ಸಾಕು. ಉತ್ತರ ಮಾತ್ರ ‘ಫೈವ್ ಫಾರ್ಟಿಫೈವ್, ಸರ್?’ ಎಂದೇ ಬರಬೇಕು.

ಅಭ್ಯಾಸಕ್ಕೆ ಇಬ್ಬಿಬ್ಬರನ್ನು ಬೆನ್ನಿಗೆ ಬೆನ್ನು ಮಾಡಿ ಕೂರಿಸುತ್ತೇನೆ. ಮುಖ ಕಂಡರೆ ತುಟಿ ನೋಡಿ ಊಹಿಸುತ್ತಾರೆ, ಫೋನಿನಲ್ಲಿ ಆ ಅನುಕೂಲ ಇಲ್ಲ. ಒಬ್ಬರು ಚೀಟಿಯಲ್ಲಿರುವ ಸಮಯ ಓದುತ್ತಾರೆ, ಇನ್ನೊಬ್ಬರು ಅಂಕಿಯಲ್ಲಿ ಬರೆದು, ಬಿಡಿಸಿ ತಿರುಗಿ ಹೇಳುತ್ತಾರೆ. ಜೋಡಿ ಬದಲಿಸುತ್ತಾ ಹತ್ತು ಚೀಟಿ ಆದಮೇಲೆ ತಾಳೆ ನೋಡಿದರೆ ತಪ್ಪು ಕಿವಿಯದೋ ನಾಲಿಗೆಯದೋ ಗೊತ್ತಾಗುತ್ತದೆ. ಒಬ್ಬನೇ ಹಲವರ ಮಾತನ್ನು ತಪ್ಪು ಬರೆದರೆ ಕಿವಿ, ಒಬ್ಬನ ಮಾತನ್ನು ಎಲ್ಲರೂ ತಪ್ಪು ಬರೆದರೆ ನಾಲಿಗೆ.

ಎಂಟು ಜನ, 45 ನಿಮಿಷ, ಸೋಮವಾರದಿಂದ ಗುರುವಾರ. ಶುಕ್ರವಾರ ಸಂಜೆಯಿಂದ ಪ್ರವಾಸಿಗರು ಬರುವುದರಿಂದ ಯಾರೂ ಸಿಗುವುದಿಲ್ಲ. ಮಳೆಗಾಲದಲ್ಲಿ ಬಾಡಿಗೆ ಕಡಿಮೆ, ಬಿಡುವು ಜಾಸ್ತಿ. ಆದರೆ ತಗಡಿನ ಮಾಡಿನ ಕೋಣೆ ಬೇಡವೇ ಬೇಡ: ಜುಲೈ ಮಳೆಯ ಸದ್ದಿನಲ್ಲಿ ‘ನ್’ ಯಾರಿಗೂ ಕೇಳಿಸದು. ತಾರಸಿ ಇರುವ ಕೋಣೆ ಸಿಗದಿದ್ದರೆ, ಮಳೆ ಜೋರಾದ ದಿನ ಕೇಳುವ ಪಾಠ ಬಿಟ್ಟು ಬುಕಿಂಗ್ ಮೆಸೇಜ್ ಓದಿಸಿ.